ಪಟ್ಟಿ ಕೊಟ್ಟವರು ಯಾರು? ಸೈಬರ್ ಭದ್ರತೆಯ ಇಂಟರ್ನಲ್ ಆಡಿಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಡೊಂಬಿವಲಿಯಲ್ಲಿ, ಕೆಲಸ ಅಂಧೇರಿಯಲ್ಲಿ. ಘಾಟ್ಕೋಪರ್‌ನಲ್ಲಿ ಇಳಿದು ಮೆಟ್ರೊ ಹಿಡಿಯುವವರೆಗೆ ಲೋಕಲ್‌ನಲ್ಲಿ ಜೊತೆಗಿರುವ ನಮ್ಮೂರ ಕಡೆಯವರಲ್ಲಿ ಬ್ಯಾಂಕಿನವರು, ಸಿಎಗಳು, ಸಹಕಾರಿ ಸೊಸೈಟಿಗಳ ಲೆಕ್ಕ ನೋಡುವವರು ಬಹಳ. ಅವರು ದಾರಿಯಲ್ಲಿ ಕೇಳಿದ್ದು, ಆಮೇಲೆ ಬರೆದು ಕಳಿಸಿದ್ದು, ಹೊಸದಾಗಿ ಆಡಿಟ್‌ಗೆ ಸೇರಿದ ಹುಡುಗ ಹುಡುಗಿಯರು ಕೇಳಿದ್ದು ಎಲ್ಲವನ್ನೂ ಇಲ್ಲಿ ಜೋಡಿಸಿದ್ದೇನೆ. ಪ್ರಶ್ನೆಗಳು ಅವರ ಮಾತಿನಲ್ಲೇ ಇವೆ. ನಾನು ಹೇಳುವ ಪ್ರಸಂಗಗಳು ಬೇರೆ ಬೇರೆ ಕಾಲದಲ್ಲಿ ನಾನೇ ಕೂತು ನೋಡಿದವು. ಯಾವ ಕಂಪನಿಯ ಹೆಸರನ್ನೂ ಹೇಳುವುದಿಲ್ಲ.

## ಮೊದಲಿಗೆ ಕೇಳುವವು

ಐಟಿಯವರೇ ನೋಡ್ಕೊಳ್ತಾರಲ್ಲ, ಇದರಲ್ಲಿ ಇಂಟರ್ನಲ್ ಆಡಿಟ್‌ನವರಿಗೆ ಏನು ಕೆಲಸ?

ಐಟಿಯವರು ಕೆಲಸ ಮಾಡುತ್ತಾರೆ. ಮಾಹಿತಿ ಭದ್ರತೆಯ ಮುಖ್ಯಸ್ಥರು, ಅಂದರೆ ಸಿಐಎಸ್ಒ, ನಿಯಮ ಮಾಡಿ ಅದು ಪಾಲನೆಯಾಗುತ್ತಿದೆಯೇ ಎಂದು ನಿಗಾ ಇಡುತ್ತಾರೆ. ಈ ಇಬ್ಬರೂ ಹೇಳಿದ್ದು ನಿಜವೇ ಎಂದು ಮೂರನೆಯವರಾಗಿ ಪರೀಕ್ಷಿಸಿ, ಬೋರ್ಡಿನ ಆಡಿಟ್ ಸಮಿತಿಗೆ ನೇರವಾಗಿ ಹೇಳುವುದು ನಮ್ಮ ಕೆಲಸ.

ಇದು ಇಷ್ಟವಿದ್ದರೆ ಮಾಡುವಂಥದ್ದಾಗಿ ಉಳಿದಿಲ್ಲ. ಐಟಿ ಆಡಳಿತದ ಬಗ್ಗೆ ಆರ್‌ಬಿಐ 2023ರ ನವೆಂಬರ್ 7ರಂದು ಹೊರಡಿಸಿದ ಮಾಸ್ಟರ್ ಡೈರೆಕ್ಷನ್ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ವಾಣಿಜ್ಯ ಬ್ಯಾಂಕುಗಳ ಜೊತೆಗೆ ಮಧ್ಯಮ ಸ್ತರ ಮತ್ತು ಅದಕ್ಕಿಂತ ಮೇಲಿನ ಎನ್‌ಬಿಎಫ್‌ಸಿಗಳಿಗೂ, ಅಂದರೆ ಬ್ಯಾಂಕೇತರ ಹಣಕಾಸು ಕಂಪನಿಗಳಿಗೂ, ಅದು ಅನ್ವಯಿಸುತ್ತದೆ. ಇಂಟರ್ನಲ್ ಆಡಿಟರ್‌ಗಳ ಜಾಗತಿಕ ಸಂಸ್ಥೆಯೂ ಸೈಬರ್ ಭದ್ರತೆಗೆಂದೇ ಪ್ರತ್ಯೇಕ ಕಡ್ಡಾಯ ನಿಯಮ ತಂದಿದೆ. 2025ರ ಫೆಬ್ರವರಿಯಲ್ಲಿ ಬಂದ ಆ ನಿಯಮದ ಜಾರಿ ದಿನಾಂಕ 2026ರ ಫೆಬ್ರವರಿ 5.

ಯಾವ ಕಂಪನಿಗೆ ಹೋದರೂ ನಾನು ಮೊದಲು ತೆರೆಯುವುದು ಹುದ್ದೆಗಳ ನಕ್ಷೆಯನ್ನು. ಸಿಐಎಸ್ಒ ಐಟಿ ಮುಖ್ಯಸ್ಥರ ಕೈಕೆಳಗೆ ಇರಬಾರದು ಎಂದು ಆರ್‌ಬಿಐ ಸ್ಪಷ್ಟವಾಗಿ ಹೇಳಿದೆ. ನಕ್ಷೆಯಲ್ಲಿ ಬೇರೆಯಾಗಿ ಕಂಡರೂ ನಾನು ಇನ್ನೊಂದನ್ನು ಕೇಳುತ್ತೇನೆ. ಸಿಐಎಸ್ಒ ಅವರ ವಾರ್ಷಿಕ ಮೌಲ್ಯಮಾಪನಕ್ಕೆ ಸಹಿ ಹಾಕುವವರು ಯಾರು? ಅಲ್ಲಿ ಐಟಿ ಮುಖ್ಯಸ್ಥರ ಸಹಿ ಇದ್ದರೆ ನಕ್ಷೆಯಲ್ಲಿರುವುದು ಬರೀ ಗೆರೆ.

ನಾನು ಸಿಎ, ಕೋಡಿಂಗ್ ಗೊತ್ತಿಲ್ಲ. ಈ ಆಡಿಟ್ ನನ್ನಿಂದ ಆಗುತ್ತಾ?

ಖಂಡಿತ ಆಗುತ್ತದೆ. ಸ್ಟಾಕ್ ಆಡಿಟ್‌ಗೆ ಹೋದಾಗ ನೀವು ಏನು ಮಾಡುತ್ತೀರಿ? ಗೋದಾಮಿನವರ ರಿಜಿಸ್ಟರ್ ಹಿಡಿದು ಅದರಲ್ಲಿರುವ ಮಾಲು ನೆಲದ ಮೇಲಿದೆಯೇ ಎಂದು ನೋಡುತ್ತೀರಿ. ಆಮೇಲೆ ನೆಲದ ಮೇಲಿರುವ ಮಾಲು ರಿಜಿಸ್ಟರಿನಲ್ಲಿದೆಯೇ ಎಂದೂ ನೋಡುತ್ತೀರಿ. ಎರಡನೆಯದನ್ನು ಬಿಟ್ಟರೆ ಲೆಕ್ಕಕ್ಕೇ ಬಾರದ ಮಾಲು ಎಂದೂ ಕಣ್ಣಿಗೆ ಬೀಳುವುದಿಲ್ಲ. ಸೈಬರ್ ಆಡಿಟ್‌ನಲ್ಲಿ ಮಾಲಿನ ಜಾಗದಲ್ಲಿ ಲಾಗಿನ್ ಐಡಿಗಳು, ಕಂಪ್ಯೂಟರ್‌ಗಳು, ದೂರುಗಳು ಇರುತ್ತವೆ. ಹೆಚ್ಚಿನ ತಪ್ಪುಗಳು ಪಟ್ಟಿಯ ಒಳಗೆ ಇರುವುದಿಲ್ಲ, ಪಟ್ಟಿಗೇ ಬಂದಿರುವುದಿಲ್ಲ. ಅದಕ್ಕೇ ಈ ಪುಟದ ಉದ್ದಕ್ಕೂ ನಾನು ಕೇಳುತ್ತಿರುವುದು ಒಂದೇ: ಈ ಪಟ್ಟಿ ಯಾರು ಮಾಡಿದ್ದು, ಯಾವುದರಿಂದ ಮಾಡಿದ್ದು?

ನಮ್ಮದು ಹದಿನಾಲ್ಕು ಜನರ ಕ್ರೆಡಿಟ್ ಸೊಸೈಟಿ ಸರ್. ನಮಗೂ ಇಷ್ಟೆಲ್ಲ ಬೇಕಾ?

ಇಷ್ಟೆಲ್ಲ ಬೇಡ. ಒಂದು ಮಧ್ಯಾಹ್ನದ ಕೆಲಸ ಸಾಕು. ಸಂಬಳದ ರಿಜಿಸ್ಟರ್ ಒಂದು ಕಡೆ ಇಟ್ಟುಕೊಳ್ಳಿ, ಸೊಸೈಟಿಯ ಸಾಫ್ಟ್‌ವೇರ್‌ನಲ್ಲಿರುವ ಬಳಕೆದಾರರ ಪಟ್ಟಿಯನ್ನು ಇನ್ನೊಂದು ಕಡೆ. ನಾನು ನೋಡಿದ ಒಂದು ಸೊಸೈಟಿಯಲ್ಲಿ 14 ಜನಕ್ಕೆ 22 ಐಡಿಗಳಿದ್ದವು. ಹೆಚ್ಚುವರಿ ಎಂಟರಲ್ಲಿ ಐದು ಕೆಲಸ ಬಿಟ್ಟವರದ್ದು, ಎರಡು ಸಾಫ್ಟ್‌ವೇರ್ ಮಾರಿದವರದ್ದು. ಉಳಿದ ಒಂದು ಯಾರದೆಂದು ಯಾರಿಗೂ ಗೊತ್ತಿರಲಿಲ್ಲ.

ಆ ಎರಡು, ಅಂದರೆ ಮಾರಾಟಗಾರರ ಐಡಿಗಳ ಬಗ್ಗೆ ಹೆಚ್ಚು ಎಚ್ಚರ ಬೇಕು. ಅವರ ಹುಡುಗ ದೂರದಿಂದಲೇ ನಿಮ್ಮ ಕಂಪ್ಯೂಟರಿಗೆ ಬರುವ ರಿಮೋಟ್ ಸಾಫ್ಟ್‌ವೇರ್ ಸದಾ ತೆರೆದಿರುತ್ತದೆಯೇ, ಅದರ ಪಾಸ್‌ವರ್ಡ್ ಬದಲಾಗದೆ ಎಷ್ಟು ಕಾಲವಾಯಿತು ಎಂದು ಕೇಳಿ. ಅವರು ಕೆಲಸಕ್ಕೆ ಬಂದಾಗ ನಿಮ್ಮವರೊಬ್ಬರು ತೆರೆದುಕೊಟ್ಟು, ಮುಗಿದ ಮೇಲೆ ಮುಚ್ಚಬೇಕು. ಇದಕ್ಕೆ ಕಾಸು ಖರ್ಚಿಲ್ಲ.

## ಅಕ್ಸೆಸ್ ರಿವ್ಯೂ

ಅಕ್ಸೆಸ್ ರಿವ್ಯೂ ನೂರಕ್ಕೆ ನೂರು ಮುಗಿದಿದೆ ಅಂತ ರಿಪೋರ್ಟೇ ಇದೆ. ಇನ್ನೇನು ನೋಡೋದು ಮಾರಾಯ್ರೆ?

ಅಕ್ಸೆಸ್ ರಿವ್ಯೂ ಅಂದರೆ ಯಾರಿಗೆ ಯಾವ ಐಡಿ, ಯಾವ ಹಕ್ಕು ಇರಬೇಕೆಂದು ಮ್ಯಾನೇಜರುಗಳು ನೋಡಿ ಒಪ್ಪುವುದು. ಅದು ಯಾವುದರ ನೂರು ಎಂಬುದನ್ನು ನೋಡಬೇಕು. ಒಂದು ಸಾಲದ ಕಂಪನಿಯಲ್ಲಿ ನನಗೂ ಇದೇ ರಿಪೋರ್ಟ್ ಕೊಟ್ಟಿದ್ದರು. ಸಂಬಳದ ಪಟ್ಟಿಯಲ್ಲಿ 1,140 ಜನ. ಕಂಪನಿಯ ಲಾಗಿನ್ ಐಡಿಗಳನ್ನೆಲ್ಲ ಇಡುವ ಆಕ್ಟಿವ್ ಡೈರೆಕ್ಟರಿಯಲ್ಲಿ ಚಾಲ್ತಿಯಲ್ಲಿದ್ದ ಐಡಿಗಳು 1,312. ಹೆಚ್ಚುವರಿ 172 ಎಂದು ಕಳೆದುಬಿಟ್ಟರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಡ್ರೈವರ್‌ಗಳು, ಪ್ಯೂನ್‌ಗಳು ಸೇರಿ 24 ಜನರಿಗೆ ಐಡಿಯೇ ಇರಲಿಲ್ಲ. ಒಬ್ಬೊಬ್ಬರನ್ನೇ ಉದ್ಯೋಗಿ ಸಂಖ್ಯೆಯಿಂದ ಹೊಂದಿಸಿದಾಗ 1,116 ಹೊಂದಿದವು. ಯಾರ ಹೆಸರಿಗೂ ಹೊಂದದೆ ಉಳಿದವು 196.

ರಿವ್ಯೂಗೆ ಪಟ್ಟಿ ಮಾಡಿದ್ದೇ ಸಂಬಳದ ಪಟ್ಟಿಯಿಂದ. ಆದ್ದರಿಂದ ಆ 1,116ರ ಮಟ್ಟಿಗೆ ನೂರಕ್ಕೆ ನೂರು ನಿಜವೇ. ಅಪಾಯ ಇದ್ದದ್ದು ಉಳಿದ 196ರಲ್ಲಿ, ಅವನ್ನು ಯಾರೂ ಯಾರಿಗೂ ತೋರಿಸಿರಲಿಲ್ಲ. ಬಿಡಿಸಿ ನೋಡಿದಾಗ 74 ಸರ್ವಿಸ್ ಅಕೌಂಟುಗಳು, ಅಂದರೆ ಮನುಷ್ಯರಲ್ಲ, ಒಂದು ಸಾಫ್ಟ್‌ವೇರ್ ಇನ್ನೊಂದರ ಜೊತೆ ಮಾತಾಡಲು ಇಟ್ಟವು. 79 ಗುತ್ತಿಗೆಯವರದ್ದು. 12 ಹಲವರು ಹಂಚಿಕೊಂಡು ಬಳಸುವವು. ಕೊನೆಯ 31 ಕೆಲಸ ಬಿಟ್ಟು ಹೋದವರವು.

ಆ 31ರಲ್ಲಿ 9 ಐಡಿಗಳು ಮಾಲೀಕರ ಕೊನೆಯ ದಿನದ ನಂತರವೂ ಬಳಕೆಯಾಗಿದ್ದವು. ಆರು ಪ್ರಕರಣಗಳಲ್ಲಿ ಹಳೆಯ ಫೋನಿನಲ್ಲಿ ಕಚೇರಿಯ ಮೇಲ್ ಇನ್ನೂ ಬರುತ್ತಿತ್ತು. ಎರಡರಲ್ಲಿ ಮೇಲಿನವರು ಫೈಲ್ ತೆಗೆಯಲು ಹಳೆಯ ಪಾಸ್‌ವರ್ಡ್ ಬಳಸಿದ್ದರು. ಒಂಬತ್ತನೆಯದು ಪುಣೆಯ ಶಾಖೆಯದು, ಅದರ ಮುಂದೆ ನಾನು ಎರಡು ದಿನ ಕೂತೆ.

ಶಾಖೆಯ ಮ್ಯಾನೇಜರ್ ಕೆಲಸ ಬಿಟ್ಟು 47 ದಿನಗಳಾದರೂ ಅವರ ಐಡಿ ದಿನಾ ಕೆಲಸ ಮಾಡುತ್ತಿತ್ತು. ಅವರ ಜಾಗಕ್ಕೆ ಬಂದವರಿಗೆ ಸಾಲ ಮಂಜೂರು ಮಾಡುವ ಹಕ್ಕಿನ ಹೊಸ ಐಡಿ ಸಿಕ್ಕಿರಲಿಲ್ಲ. ಅರ್ಜಿ ಮುಂಬಯಿಯಲ್ಲಿ ಒಪ್ಪಿಗೆಗೆ ಕಾದಿತ್ತು. ಗ್ರಾಹಕರು ಕೌಂಟರಿನಲ್ಲಿ ನಿಂತಿರುವಾಗ ಅವರೇನು ಮಾಡಬೇಕು? ತಮ್ಮ ಐಡಿಯಿಂದ ಸಾಲದ ಅರ್ಜಿ ತುಂಬಿ, ಬಿಟ್ಟುಹೋದವರ ಐಡಿಯಿಂದ ಮಂಜೂರು ಮಾಡಿದ್ದಾರೆ. ಯಾರು ಯಾವಾಗ ಏನು ಮಾಡಿದರೆಂದು ಸಿಸ್ಟಮ್ ಬರೆದಿಡುವ ಲಾಗ್‌ನಲ್ಲಿ ಎರಡೂ ಐಡಿಗಳ ಪಕ್ಕದಲ್ಲಿ ಒಂದೇ ಕಂಪ್ಯೂಟರಿನ ಹೆಸರಿತ್ತು, ನಡುವೆ ಎರಡು ಮೂರು ನಿಮಿಷದ ಅಂತರ. ಇಂಥ ಸಾಲಗಳು 23. ತುಂಬುವವರು ಒಬ್ಬರು, ಒಪ್ಪುವವರು ಇನ್ನೊಬ್ಬರು ಎಂಬ ನಿಯಮ ಕಾಗದದಲ್ಲಿ ಉಳಿಯಿತು, ಸಾಲ ಮಾತ್ರ ಒಂದೇ ಕೈಯಿಂದ ಹೊರಟಿತು.

ಆ 23 ಫೈಲುಗಳನ್ನೂ ತೆರೆದು ನೋಡಿದೆವು. ಸಾಲಗಾರರು ನಿಜವಾದವರೇ, ದಾಖಲೆ ಸರಿ ಇತ್ತು. ಆದರೆ ಅದು ಆ ಮನುಷ್ಯರ ಪ್ರಾಮಾಣಿಕತೆಯಿಂದ, ಕಂಪನಿಯ ನಿಯಂತ್ರಣದಿಂದಲ್ಲ. ನನ್ನ ವರದಿಯಲ್ಲಿ ನಾನು ಅವರ ಮೇಲೆ ಬೆರಳು ತೋರಿಸಲಿಲ್ಲ. ಎರಡು ಕಾರಣ ಬರೆದೆ. ಒಂದು, ಕೆಲಸ ಬಿಟ್ಟ ಸುದ್ದಿ ಎಚ್‌ಆರ್‌ನಿಂದ ಐಟಿಗೆ ಹೋಗುವುದು ತಿಂಗಳಿಗೊಮ್ಮೆ ಕಳಿಸುವ ಎಕ್ಸೆಲ್‌ನಲ್ಲಿ, ಅದರಲ್ಲಿ ಆ ತಿಂಗಳು ಈ ಹೆಸರು ಬಿಟ್ಟುಹೋಗಿತ್ತು. ಎರಡು, ಮಂಜೂರಾತಿ ಹಕ್ಕಿನ ಹೊಸ ಐಡಿಗೆ ವಾರಗಟ್ಟಲೆ ಕಾಯಬೇಕು. ಎರಡನೆಯದನ್ನು ಸರಿಪಡಿಸದೆ ಹಳೆಯ ಐಡಿಯನ್ನು ಮಾತ್ರ ಮುಚ್ಚಿದರೆ ಶಾಖೆಯವರು ಇನ್ಯಾರದೋ ಪಾಸ್‌ವರ್ಡ್ ಹುಡುಕುತ್ತಾರೆ.

ಪಟ್ಟಿ ತೆಗೆಯೋದು ಹೇಗೆ? ಐಟಿಯವರು ಕಳಿಸಿದ ಎಕ್ಸೆಲ್ ಸಾಕಲ್ಲ?

ಸಾಲದು. ಐಟಿಯವರ ಪಕ್ಕದಲ್ಲಿ ಕೂತು, ನಿಮ್ಮ ಕಣ್ಣೆದುರೇ ತೆಗೆಸಿ, ಫೈಲನ್ನು ನೇರ ನಿಮ್ಮ ಫೋಲ್ಡರಿಗೆ ಹಾಕಿಸಿಕೊಳ್ಳಿ. ಬ್ಯಾಂಕ್ ಬ್ಯಾಲೆನ್ಸ್ ದೃಢೀಕರಣವನ್ನು ಬ್ಯಾಂಕಿನಿಂದಲೇ ತರಿಸುವ ಹಾಗೆ. ವಿಂಡೋಸ್ ಜಾಲದಲ್ಲಿ ಇಷ್ಟು ಸಾಕು:

```
Get-ADUser -Filter 'Enabled -eq $true' `
  -Properties EmployeeID,LastLogonDate,PasswordLastSet |
  Select SamAccountName,EmployeeID,LastLogonDate,PasswordLastSet |
  Export-Csv ad.csv -NoTypeInformation
```

ಸಂಬಳದ ಪಟ್ಟಿಯನ್ನು ಎಚ್‌ಆರ್‌ನಿಂದಲ್ಲ, ಸಂಬಳ ಹಾಕುವ ಅಕೌಂಟ್ಸ್ ವಿಭಾಗದಿಂದ ತೆಗೆದುಕೊಳ್ಳಿ. ಹಣ ಹೋಗುವ ಪಟ್ಟಿಯಲ್ಲಿ ಹಳೆಯ ಹೆಸರು ಹೆಚ್ಚು ದಿನ ಉಳಿಯುವುದಿಲ್ಲ.

ಇಲ್ಲೊಂದು ಕಡೆ ನಾನೇ ಎಡವಿದ್ದೆ. `LastLogonDate` ಪ್ರತಿ ಸಲ ಲಾಗಿನ್ ಆದಾಗಲೂ ಬದಲಾಗುವುದಿಲ್ಲ. ಮಾಮೂಲಿ ವ್ಯವಸ್ಥೆಯಲ್ಲಿ ಹಳೆಯ ದಿನಾಂಕಕ್ಕೆ ಸುಮಾರು 9ರಿಂದ 14 ದಿನ ಕಳೆದ ಮೇಲಿನ ಲಾಗಿನ್‌ಗಷ್ಟೇ ಅದು ಹೊಸದಾಗುತ್ತದೆ. ಅಂದರೆ ಕೆಲಸ ಬಿಟ್ಟ ದಿನದ ನಂತರದ ದಿನಾಂಕ ಕಂಡರೆ ಅದು ಬಳಕೆಯ ಬಲವಾದ ಸುಳಿವು. ಆದರೆ ಬಿಡುವ ಮೂರು ದಿನ ಮೊದಲಿನ ದಿನಾಂಕ ಕಂಡರೆ ಆಮೇಲೆ ಬಳಸಿಲ್ಲ ಎನ್ನಲು ಬರುವುದಿಲ್ಲ. ಅಂಥವಕ್ಕೆ ಲಾಗಿನ್‌ಗಳನ್ನು ಪರಿಶೀಲಿಸುವ ಸರ್ವರ್ ಆದ ಡೊಮೇನ್ ಕಂಟ್ರೋಲರ್‌ನ ಲಾಗ್ ನೋಡಲೇಬೇಕು.

ಮ್ಯಾನೇಜರು ಓದದೇ ಅಪ್ರೂವ್ ಒತ್ತಿದ್ದಾರೆ ಅಂತ ಗೊತ್ತಾಗೋದು ಹೇಗೆ?

ಗಡಿಯಾರ ಹೇಳುತ್ತದೆ. ರಿವ್ಯೂ ಸಾಫ್ಟ್‌ವೇರಿನಲ್ಲಿ ಪ್ರತಿ ಸಾಲಿಗೂ ಒಪ್ಪಿದ ಸಮಯ ದಾಖಲಾಗಿರುತ್ತದೆ, ಅದನ್ನು ತರಿಸಿ. ಒಬ್ಬ ವಲಯ ಮುಖ್ಯಸ್ಥರು 164 ಸಾಲುಗಳನ್ನು ನಾಲ್ಕು ನಿಮಿಷದಲ್ಲಿ ಮುಗಿಸಿದ್ದರು. ಒಂದು ಸಾಲಿಗೆ ಎರಡು ಸೆಕೆಂಡೂ ಇಲ್ಲ.

ಆದರೆ ಅವರ ಜೊತೆ ಕೂತು ಅದೇ ಪರದೆಯನ್ನು ನೋಡಿದಾಗ ತಪ್ಪು ಅವರೊಬ್ಬರದಲ್ಲ ಎನಿಸಿತು. ಹಕ್ಕಿನ ಹೆಸರು `LMS_R_0417_U` ಎಂದಿತ್ತು. ಅದು ಸಾಲ ಮಂಜೂರಾತಿಯೋ, ವರದಿ ಓದುವುದೋ, ಯಾರಿಗೆ ತಿಳಿದೀತು? ನನ್ನ ಶಿಫಾರಸು ತರಬೇತಿಯದಾಗಿರಲಿಲ್ಲ. ಪ್ರತಿ ಹಕ್ಕಿನ ಪಕ್ಕದಲ್ಲಿ ‘ಹತ್ತು ಲಕ್ಷದವರೆಗೆ ಸಾಲ ಮಂಜೂರು ಮಾಡಬಹುದು’ ಎಂಬಂಥ ಒಂದು ಸಾಲು ಬರೆಯಿರಿ ಎಂದೆ.

ಇನ್ನೊಂದು ಪರೀಕ್ಷೆ ಇದೆ. ‘ತೆಗೆಯಿರಿ’ ಎಂದು ಗುರುತು ಹಾಕಿದ ಹಕ್ಕುಗಳು ನಿಜವಾಗಿ ಹೋದವೇ? ಒಂದು ತಿಂಗಳ ನಂತರ ಸಿಸ್ಟಮ್‌ನಿಂದಲೇ ಪಟ್ಟಿ ತೆಗೆದು ನೋಡಿದಾಗ 37ರಲ್ಲಿ 11 ಹಾಗೇ ಇದ್ದವು. ಐಟಿಗೆ ಕೊಟ್ಟ ಕೋರಿಕೆ, ಅಂದರೆ ಟಿಕೆಟ್, ಮಾತ್ರ ಮುಗಿದಿದೆ ಎಂದು ಮುಚ್ಚಿತ್ತು.

ಸಿಕ್ಕಿದ ಐಡಿಗಳನ್ನು ನೀವೇ ಕೂತು ಮುಚ್ಚಿಸಿಬಿಟ್ಟರೆ ಬೇಗ ಆಗಲ್ವಾ?

ಈ ಸಲ ಬೇಗ ಆಗುತ್ತದೆ, ಮುಂದಿನ ವರ್ಷ ನನ್ನ ಕೆಲಸವನ್ನು ನಾನೇ ಪರೀಕ್ಷಿಸಬೇಕಾಗುತ್ತದೆ. ಅಪಾಯಕಾರಿ ಐಡಿ ಕಂಡರೆ ಆ ಕ್ಷಣವೇ ಸಿಐಎಸ್ಒಗೆ ಫೋನ್ ಮಾಡಿ, ಮೇಲ್ ಹಾಕಿ ತಿಳಿಸುತ್ತೇನೆ, ವರದಿ ಬರೆಯುವವರೆಗೆ ಕಾಯುವುದಿಲ್ಲ. ಮುಚ್ಚುವವರು ಅವರೇ. ಸರ್ವಿಸ್ ಅಕೌಂಟುಗಳಲ್ಲಂತೂ ಇದು ಕಡ್ಡಾಯ. ಯಾವುದೋ ಒಂದನ್ನು ಮುಚ್ಚಿದ್ದಕ್ಕೆ ರಾತ್ರಿಯ ಇಎಂಐ ವಸೂಲಿ ನಿಂತರೆ ಉತ್ತರ ಕೊಡಬೇಕಾದವರು ಗೊತ್ತಿದ್ದು ಮಾಡಿದವರಾಗಿರಬೇಕು.

## ಪ್ಯಾಚಿಂಗ್

ಪ್ಯಾಚಿಂಗ್ 98 ಪರ್ಸೆಂಟ್ ಅಂತ ಡ್ಯಾಶ್‌ಬೋರ್ಡ್ ಹಸಿರು ತೋರಿಸ್ತಿದೆ. ನಂಬಬಹುದಾ?

ಪ್ಯಾಚಿಂಗ್ ಅಂದರೆ ಸಾಫ್ಟ್‌ವೇರಿನ ದೋಷಕ್ಕೆ ಬಂದ ಪರಿಹಾರವನ್ನು ಮೆಷಿನ್‌ಗಳಿಗೆ ಹಾಕುವುದು. ಡ್ಯಾಶ್‌ಬೋರ್ಡ್ ಸುಳ್ಳು ಹೇಳುವುದಿಲ್ಲ, ತನಗೆ ಗೊತ್ತಿರುವ ಮೆಷಿನ್‌ಗಳ ಬಗ್ಗೆ ಮಾತ್ರ ಹೇಳುತ್ತದೆ. ಪ್ಯಾಚ್ ಸಾಫ್ಟ್‌ವೇರಿನ ಏಜೆಂಟ್, ಅಂದರೆ ಮೆಷಿನ್‌ನಲ್ಲಿ ಕೂತು ಸುದ್ದಿ ಕಳಿಸುವ ಚಿಕ್ಕ ಪ್ರೋಗ್ರಾಂ, ಇಲ್ಲದ ಕಂಪ್ಯೂಟರ್ ಅದರ ಪಾಲಿಗೆ ಇಲ್ಲವೇ ಇಲ್ಲ.

ಮೇಲಿನ ಕಂಪನಿಯಲ್ಲೇ ಪ್ಯಾಚ್ ಸಾಫ್ಟ್‌ವೇರ್ 1,020 ಮೆಷಿನ್‌ಗಳನ್ನು ಕಾಣುತ್ತಿತ್ತು, 1,000 ಸರಿ ಇದ್ದವು, ಅದಕ್ಕೇ 98. ನಾನು ಬೇರೆ ಮೂರು ಕಡೆಯಿಂದ ಪಟ್ಟಿ ತೆಗೆಸಿದೆ: ಕಳೆದ 30 ದಿನದಲ್ಲಿ ಆಕ್ಟಿವ್ ಡೈರೆಕ್ಟರಿಗೆ ಬಂದ ಕಂಪ್ಯೂಟರ್‌ಗಳು, ಆಂಟಿವೈರಸ್ ಕನ್ಸೋಲ್‌ನಲ್ಲಿರುವವು, ಜಾಲದಲ್ಲಿ ವಿಳಾಸ ಪಡೆದವು. ಒಂದಕ್ಕೊಂದು ಸೇರಿಸಿ, ಪುನರಾವರ್ತನೆ ತೆಗೆದಾಗ ಬಂದದ್ದು 1,231. ಅದರಲ್ಲಿ 1,000 ಅಂದರೆ ನೂರಕ್ಕೆ 81. ಡ್ಯಾಶ್‌ಬೋರ್ಡಿನ ಕಣ್ಣಿಗೇ ಬೀಳದೆ ಇದ್ದ 211ರಲ್ಲಿ ಹೆಚ್ಚಿನವು ಶಾಖೆಗಳಲ್ಲಿ ಫಾರ್ಮ್ಯಾಟ್ ಮಾಡಿಸಿಕೊಂಡ ಲ್ಯಾಪ್‌ಟಾಪ್‌ಗಳು, ಮತ್ತೆ ಏಜೆಂಟ್ ಹಾಕಲು ಮರೆತಿದ್ದರು. ಆದರೆ 11 ಸರ್ವರ್‌ಗಳೂ ಇದ್ದವು, ಮೂರು ನೇರ ಇಂಟರ್ನೆಟ್‌ಗೆ ತೆರೆದುಕೊಂಡಿದ್ದವು.

ಸರಿ ಇದ್ದ ಸಾವಿರದಲ್ಲೂ ಒಂದು ಪರೀಕ್ಷೆ ಬಾಕಿ ಇರುತ್ತದೆ. ಎಷ್ಟೋ ಪ್ಯಾಚ್‌ಗಳು ಮೆಷಿನ್ ರೀಸ್ಟಾರ್ಟ್ ಆಗುವವರೆಗೆ ಪೂರ್ತಿ ಜಾರಿಯಾಗುವುದಿಲ್ಲ. ಇಪ್ಪತ್ತೈದು ಸರ್ವರ್ ಆರಿಸಿ ಇದನ್ನು ಓಡಿಸಿ:

```
(Get-CimInstance Win32_OperatingSystem).LastBootUpTime
```

ಪ್ಯಾಚ್ ಹಾಕಿದ ದಿನಾಂಕಕ್ಕಿಂತ ಕೊನೆಯ ರೀಸ್ಟಾರ್ಟ್ ಹಳೆಯದಾಗಿದ್ದರೆ ಆ ಹಸಿರು ಬಣ್ಣವನ್ನು ಪ್ರಶ್ನಿಸಿ.

ದಿನಗಳ ಎಣಿಕೆ ಎಲ್ಲಿಂದ ಶುರು ಎಂಬುದನ್ನೂ ಕೇಳಬೇಕು. ‘ಗಂಭೀರ ದೋಷಕ್ಕೆ 15 ದಿನ’ ಎಂದು ನೀತಿಯಲ್ಲಿ ಇರುತ್ತದೆ. ಪ್ಯಾಚ್ ಬಿಡುಗಡೆಯಾದ ದಿನದಿಂದಲೋ, ತಮ್ಮ ಸ್ಕ್ಯಾನರ್ ಕಂಡ ದಿನದಿಂದಲೋ, ಟಿಕೆಟ್ ತೆರೆದ ದಿನದಿಂದಲೋ? ಟಿಕೆಟ್‌ನಿಂದ ಎಣಿಸುವ ಕಡೆ ಟಿಕೆಟ್ ತೆರೆಯುವುದನ್ನೇ ತಡ ಮಾಡಿದರೆ ಯಾವ ಕೆಲಸವೂ ತಡವಾಗುವುದಿಲ್ಲ.

ಒಂದೆರಡು ಮೆಷಿನ್ ಬಿಟ್ಟುಹೋದರೆ ಅಷ್ಟು ದೊಡ್ಡ ವಿಷಯವಾ?

ನಮ್ಮ ಮುಂಬಯಿಯ ಪಕ್ಕದಲ್ಲೇ ಉತ್ತರವಿದೆ. ವಿಂಡೋಸ್‌ನ ಒಂದು ದೋಷಕ್ಕೆ ಮೈಕ್ರೋಸಾಫ್ಟ್ 2017ರ ಮಾರ್ಚ್ 14ರಂದು `MS17-010` ಎಂಬ ಪರಿಹಾರ ಕೊಟ್ಟಿತು. 59 ದಿನಗಳ ನಂತರ, ಮೇ 12ರಂದು, ಅದೇ ದೋಷ ಹಿಡಿದು ಫೈಲುಗಳಿಗೆ ಬೀಗ ಹಾಕುವ ವನ್ನಾಕ್ರೈ ಎಂಬ ದಾಳಿಯ ಸಾಫ್ಟ್‌ವೇರ್ ಜಗತ್ತನ್ನು ಸುತ್ತಿತು. 105ನೇ ದಿನ, ಜೂನ್ 27ರಂದು, ನಾಟ್‌ಪೆಟ್ಯಾ ಎಂಬ ಇನ್ನೊಂದು ಬಂತು. ಅದರಿಂದ ಹಡಗು ಸಾಗಣೆಯ ಮರ್ಸ್ಕ್ ಕಂಪನಿಯ ಜಾಲ ಕುಸಿದಾಗ ಜವಾಹರಲಾಲ್ ನೆಹರೂ ಬಂದರಿನಲ್ಲಿ ಅದು ನಡೆಸುತ್ತಿದ್ದ ಟರ್ಮಿನಲ್‌ನ ಕಂಟೇನರ್ ಕೆಲಸವೂ ಅಸ್ತವ್ಯಸ್ತವಾಯಿತು.

ಎರಡರ ನಡುವೆ ಒಂದು ವ್ಯತ್ಯಾಸವಿದೆ, ಆಡಿಟ್‌ಗೆ ಮುಖ್ಯವಾದುದು ಅದೇ. ನಾಟ್‌ಪೆಟ್ಯಾ ಒಂದು ಮೆಷಿನ್‌ಗೆ ಹೊಕ್ಕರೆ ಅದರ ನೆನಪಿನಲ್ಲಿ ಉಳಿದಿರುವ ಪಾಸ್‌ವರ್ಡ್‌ಗಳನ್ನು ಕದಿಯುತ್ತಿತ್ತು, ಆ ಪಾಸ್‌ವರ್ಡ್‌ನಿಂದಲೇ ಪಕ್ಕದ ಮೆಷಿನ್‌ಗೆ ಹೋಗುತ್ತಿತ್ತು. ಪಕ್ಕದ್ದಕ್ಕೆ ಪ್ಯಾಚ್ ಆಗಿದ್ದರೂ ತಡೆ ಇರಲಿಲ್ಲ. ಅದಕ್ಕೇ ಪ್ಯಾಚ್ ಆಗದ 20 ಮೆಷಿನ್ ಸಿಕ್ಕರೆ ನಾನು ಎಣಿಸಿ ಬಿಡುವುದಿಲ್ಲ, ಅವುಗಳಲ್ಲಿ ಯಾರು ಲಾಗಿನ್ ಆಗುತ್ತಾರೆ ಎಂದು ನೋಡುತ್ತೇನೆ. ಇಡೀ ಜಾಲದ ಮೇಲೆ ಹಕ್ಕಿರುವ ಡೊಮೇನ್ ಅಡ್ಮಿನ್ ಅವುಗಳಲ್ಲಿ ಒಂದಕ್ಕೆ ಬಂದು ಹೋಗುತ್ತಿದ್ದರೆ ಆ ಒಂದು ಮೆಷಿನ್ ಇಡೀ ಕಂಪನಿಗೆ ಸಮ.

## ಘಟನೆ ನಡೆದಾಗ

ಆರು ಗಂಟೆ ಒಳಗೆ ರಿಪೋರ್ಟ್ ಮಾಡಬೇಕು ಅಂತಾರೆ. ಆ ಆರು ಗಂಟೆ ಯಾವಾಗಿಂದ ಲೆಕ್ಕ?

ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ, ಘಟನೆ ಗಮನಕ್ಕೆ ಬಂದ ಅಥವಾ ಯಾರಾದರೂ ಗಮನಕ್ಕೆ ತಂದ ಆರು ಗಂಟೆಯೊಳಗೆ ತಿಳಿಸಬೇಕು ಎಂದಿದೆ. ಬ್ಯಾಂಕುಗಳಿಗೆ ಆರ್‌ಬಿಐ ಇಟ್ಟ ಗಡುವು ಬೇರೆ, 2016ರ ಸುತ್ತೋಲೆಯ ಪ್ರಕಾರ ಎರಡರಿಂದ ಆರು ಗಂಟೆ. ಒಂದಕ್ಕೆ ಕಳಿಸಿದರೆ ಇನ್ನೊಂದಕ್ಕೆ ಕಳಿಸಿದ ಹಾಗಲ್ಲ.

ತಕರಾರು ಬರುವುದು ‘ಗಮನಕ್ಕೆ’ ಎಂಬ ಪದದಲ್ಲಿ. ಒಂದು ಶನಿವಾರದ ಘಟನೆ ಹೇಳುತ್ತೇನೆ. ಕಂಪನಿಯ ಕಾಗದದ ಪ್ರಕಾರ ಸಂಜೆ 6:40ಕ್ಕೆ ಘಟನೆ ಎಂದು ಘೋಷಣೆ, ರಾತ್ರಿ 10:15ಕ್ಕೆ ಸರ್ಟ್-ಇನ್‌ಗೆ ಮೇಲ್. ಮೂರು ಗಂಟೆ ಮೂವತ್ತೈದು ನಿಮಿಷ, ಎಲ್ಲ ಸರಿ. ನಾನು ಹೆಲ್ಪ್‌ಡೆಸ್ಕ್‌ನ ಆ ದಿನದ ಎಲ್ಲ ಟಿಕೆಟ್ ತರಿಸಿದೆ. ಬೆಳಗ್ಗೆ 11:10ಕ್ಕೆ ಒಂದು ಶಾಖೆಯ ಹುಡುಗಿ ಬರೆದಿದ್ದಳು: ಫೈಲುಗಳ ಹೆಸರೆಲ್ಲ ಬದಲಾಗಿವೆ, ತೆರೆಯುತ್ತಿಲ್ಲ. ಹೆಲ್ಪ್‌ಡೆಸ್ಕ್ ಅದನ್ನು ‘ಪ್ರಿಂಟರ್ ಮತ್ತು ಫೈಲ್’ ವರ್ಗಕ್ಕೆ ಹಾಕಿ ಸೋಮವಾರಕ್ಕೆ ಬಿಟ್ಟಿತ್ತು. ಅವಳ ಗಡಿಯಾರದಲ್ಲಿ ಹನ್ನೊಂದು ಗಂಟೆ ಐದು ನಿಮಿಷ.

ಕಾನೂನಿನಲ್ಲಿ ಯಾವುದು ನಿಲ್ಲುತ್ತದೆ ಎಂಬುದನ್ನು ವಕೀಲರು ಹೇಳಲಿ. ನನ್ನ ವರದಿಯಲ್ಲಿ ಎರಡೂ ಸಮಯ ಬರೆದೆ. ಆ ಹುಡುಗಿ ತನ್ನ ಕೆಲಸ ಮಾಡಿದ್ದಳು. ಹೆಲ್ಪ್‌ಡೆಸ್ಕ್‌ನವರಿಗೆ ಯಾವ ಮಾತು ಕೇಳಿದರೆ ತಕ್ಷಣ ಭದ್ರತಾ ತಂಡಕ್ಕೆ ಫೋನ್ ಮಾಡಬೇಕು ಎಂದು ಯಾರೂ ಹೇಳಿರಲಿಲ್ಲ.

ಲಾಗ್‌ಗಳ ಸಮಯ ಜೋಡಿಸುವಾಗ ಒಂದು ಎಚ್ಚರ ಇರಲಿ. ಫೈರ್‌ವಾಲ್ ಲಾಗ್ ಯುಟಿಸಿಯಲ್ಲಿ, ಸರ್ವರ್ ಲಾಗ್ ನಮ್ಮ ಸಮಯದಲ್ಲಿ ಇರುವುದು ಸಾಮಾನ್ಯ. ಐದೂವರೆ ಗಂಟೆಯ ವ್ಯತ್ಯಾಸ ಮರೆತರೆ ದಾಳಿಕೋರ ಹೊರಗೆ ಹೋದ ಮೇಲೆ ಒಳಗೆ ಬಂದ ಹಾಗೆ ಕಾಣುತ್ತದೆ.

ನಮ್ಮಲ್ಲಿ ಇನ್ಸಿಡೆಂಟೇ ಆಗಿಲ್ಲ. ಹಾಗಾದರೆ ಆಡಿಟ್ ಮಾಡೋದು ಏನನ್ನು?

ಆಗಿಲ್ಲ ಎಂಬುದನ್ನೇ ಮೊದಲು ಪರೀಕ್ಷಿಸಬೇಕು, ಮೇಲೆ ಹೇಳಿದ ಹಾಗೆ ಹೆಲ್ಪ್‌ಡೆಸ್ಕ್ ಟಿಕೆಟ್‌ಗಳಿಂದ. ಆಮೇಲೆ ಲಾಗ್. ಅದೇ 2022ರ ನಿರ್ದೇಶನದ ಪ್ರಕಾರ 180 ದಿನಗಳ ಲಾಗ್ ಇಟ್ಟಿರಬೇಕು. ನೀತಿ ತೋರಿಸಿ ಎನ್ನಬೇಡಿ. ನೂರೈವತ್ತು ದಿನ ಹಿಂದಿನ ಒಂದು ದಿನಾಂಕ ನೀವೇ ಆರಿಸಿ, ಆ ದಿನ ಮಧ್ಯಾಹ್ನ ಮೂರರಿಂದ ನಾಲ್ಕರವರೆಗಿನ ವಿಪಿಎನ್ ಲಾಗ್ ಕೊಡಿ ಎನ್ನಿ. ಡಿಸ್ಕ್ ತುಂಬಿ ಹಳೆಯದು ಅಳಿಸಿಹೋಗಿದ್ದರೆ ಆಗ ಗೊತ್ತಾಗುತ್ತದೆ.

ಕೊನೆಗೆ, ದಾಳಿಯಾದರೆ ಏನು ಮಾಡಬೇಕೆಂಬ ಯೋಜನೆಯಲ್ಲಿರುವ ನಂಬರುಗಳಿಗೆ ಶನಿವಾರ ರಾತ್ರಿ ಫೋನ್ ಮಾಡಿ. ಪುಣೆಯ ಕಾಸ್ಮಾಸ್ ಬ್ಯಾಂಕಿನಿಂದ 2018ರ ಆಗಸ್ಟ್‌ನಲ್ಲಿ ಸುಮಾರು 94 ಕೋಟಿ ರೂಪಾಯಿ ಹೋದದ್ದು ನೆನಪಿರಬಹುದು. 28 ದೇಶಗಳ ಎಟಿಎಂಗಳಿಂದ ಹಣ ತೆಗೆದದ್ದು ಆಗಸ್ಟ್ 11, ಶನಿವಾರ. ಸ್ವಿಫ್ಟ್ ಮೂಲಕ ಹಾಂಕಾಂಗ್‌ಗೆ ಹಣ ಹೋದದ್ದು 13, ಸೋಮವಾರ. ಮೊದಲ ಏಟಿಗೂ ಎರಡನೆಯದಕ್ಕೂ ನಡುವೆ ಒಂದು ಭಾನುವಾರ ಇತ್ತು. ನಾನು ಫೋನ್ ಮಾಡಿ ನೋಡಿದ ಒಂದು ಕಡೆ ಎಂಟು ನಂಬರಿನಲ್ಲಿ ಮೂರು ಕೆಲಸ ಬಿಟ್ಟವರದ್ದಾಗಿದ್ದವು, ಆ ಪಟ್ಟಿ ಇದ್ದದ್ದೂ ದಾಳಿಯಾದರೆ ಮೊದಲು ಬೀಳುವ ಫೈಲ್ ಸರ್ವರ್‌ನಲ್ಲೇ. ಕಾಗದದ ಪ್ರತಿ ಯಾರ ಮನೆಯಲ್ಲೂ ಇರಲಿಲ್ಲ.

## ಬೋರ್ಡಿನ ಮುಂದೆ

ಬೋರ್ಡಿನವರಿಗೆ ಎಷ್ಟು ಹೇಳಬೇಕು? ಅವರಿಗೆ ಇದೆಲ್ಲ ಅರ್ಥ ಆಗುತ್ತಾ?

ಅವರಿಗೆ ಲೆಕ್ಕ ಅರ್ಥವಾಗುತ್ತದೆ, ಸಾಲ ಅರ್ಥವಾಗುತ್ತದೆ. ಅರ್ಥವಾಗದ್ದು ಬಣ್ಣದ ವೃತ್ತಗಳು. ನಾನು ಪ್ರತಿ ಶೇಕಡಾವಾರಿನ ಪಕ್ಕದಲ್ಲಿ ಅದು ಎಷ್ಟರಲ್ಲಿ ಎಷ್ಟು ಎಂದೂ, ಆ ‘ಎಷ್ಟರಲ್ಲಿ’ಯನ್ನು ಯಾರು ಎಣಿಸಿದರು ಎಂದೂ ಬರೆಯುತ್ತೇನೆ. ಪುಣೆಯ ಪ್ರಕರಣದಲ್ಲಿ ಆಡಿಟ್ ಸಮಿತಿಗೆ ಕೊಟ್ಟ ಸಾಲುಗಳು ಹೀಗಿದ್ದವು:

> ಕೆಲಸ ಬಿಟ್ಟ 31 ಜನರ ಐಡಿ ಚಾಲ್ತಿಯಲ್ಲಿತ್ತು. ಅದರಲ್ಲಿ ಒಂದು ಐಡಿ ಬಳಸಿ 47 ದಿನಗಳಲ್ಲಿ 23 ಸಾಲಗಳು ಒಂದೇ ಕೈಯಿಂದ ತುಂಬಿ ಮಂಜೂರಾದವು. ನಷ್ಟ ಕಂಡುಬಂದಿಲ್ಲ. ಅಕ್ಸೆಸ್ ರಿವ್ಯೂ ಇದನ್ನು ಹಿಡಿಯಲು ಸಾಧ್ಯವಿರಲಿಲ್ಲ, ಏಕೆಂದರೆ 196 ಐಡಿಗಳು ಅದರ ಪಟ್ಟಿಯಲ್ಲೇ ಇರಲಿಲ್ಲ.

ಎಂದೂ ಮಾತಾಡದ ಒಬ್ಬ ಹಿರಿಯ ನಿರ್ದೇಶಕರು, ಐವತ್ತು ವರ್ಷ ಸಾಲದ ವ್ಯವಹಾರ ನೋಡಿದವರು, ಆ ದಿನ ಕೇಳಿದರು: “ಉಳಿದ ಶಾಖೆಗಳಲ್ಲಿ?” ಅದೇ ಪ್ರಶ್ನೆಯಿಂದ ಎಲ್ಲ ಶಾಖೆಗಳ ಲಾಗ್ ನೋಡುವ ಕೆಲಸಕ್ಕೆ ಒಪ್ಪಿಗೆ ಸಿಕ್ಕಿತು.

ಐಟಿಯಲ್ಲಿ ಕೆಂಪು ಇದ್ದದ್ದು ಬೋರ್ಡ್ ತಲುಪುವಾಗ ಹಸಿರಾಗಿದ್ದರೆ ಏನು ಮಾಡೋದು?

ಒಂದೇ ವಿಷಯವನ್ನು ಹಿಡಿದು ಕೆಳಗಿನಿಂದ ಮೇಲಿನವರೆಗೆ ನಡೆಯಿರಿ. ಇಂಟರ್ನೆಟ್‌ಗೆ ತೆರೆದ ಆ ಮೂರು ಸರ್ವರ್‌ಗಳನ್ನೇ ತೆಗೆದುಕೊಳ್ಳಿ. ಸ್ಕ್ಯಾನ್ ಮಾಡಿದ ಹೊರಗಿನ ಸಂಸ್ಥೆಯ ವರದಿಯಲ್ಲಿ ಅವು ಕೆಂಪಾಗಿದ್ದವು. ಐಟಿಯ ತಿಂಗಳ ವರದಿಯಲ್ಲಿ ‘ಕೆಲಸ ನಡೆಯುತ್ತಿದೆ’ ಎಂದು ಹಳದಿಯಾದವು. ತ್ರೈಮಾಸಿಕ ಬೋರ್ಡ್ ಟಿಪ್ಪಣಿಯಲ್ಲಿ ‘ಅಪಾಯ ಒಪ್ಪಿಕೊಳ್ಳಲಾಗಿದೆ’, ಅಂದರೆ ಗೊತ್ತಿದ್ದೂ ಹಾಗೇ ಬಿಡಲಾಗಿದೆ, ಎಂಬ ಕಾರಣಕ್ಕೆ ಬಾಕಿ ಪಟ್ಟಿಯಿಂದಲೇ ಹೊರಬಿದ್ದು, ಒಟ್ಟು ಚಿತ್ರ ಹಸಿರಾಯಿತು. ಮೂರು ಕಡೆಯೂ ಯಾರೂ ಸುಳ್ಳು ಬರೆದಿರಲಿಲ್ಲ.

ಆದ್ದರಿಂದ ಅಪಾಯ ಒಪ್ಪಿಕೊಂಡ ಕಾಗದವನ್ನು ತರಿಸಿ ನೋಡಿ. ಸಹಿ ಯಾರದು? ಆ ಸರ್ವರ್‌ನಲ್ಲಿರುವ ಗ್ರಾಹಕರ ಮಾಹಿತಿಗೆ ಹೊಣೆಯಾದ ವ್ಯವಹಾರ ವಿಭಾಗದ ಮುಖ್ಯಸ್ಥರದೋ, ಪ್ಯಾಚ್ ಹಾಕಬೇಕಿದ್ದ ಐಟಿಯವರದೇ? ಎಷ್ಟು ದಿನದವರೆಗೆ? ನಾನು ನೋಡಿದ ಕಾಗದದಲ್ಲಿ ಸಹಿ ಐಟಿಯವರದು, ಮುಗಿಯುವ ದಿನಾಂಕದ ಜಾಗ ಖಾಲಿ. ಇಂಥ ಒಪ್ಪಿಗೆಗಳು ಒಟ್ಟು 41 ಇದ್ದವು, 26ಕ್ಕೆ ದಿನಾಂಕವೇ ಇರಲಿಲ್ಲ.

ನಂತರ ಸಭೆಯ ನಡಾವಳಿ ಓದಿ. ಸಿಐಎಸ್ಒ ಕಚೇರಿ ಸೈಬರ್ ಅಪಾಯಗಳ ಸ್ಥಿತಿಯನ್ನು ಮೂರು ತಿಂಗಳಿಗೊಮ್ಮೆಯಾದರೂ ಬೋರ್ಡ್ ಅಥವಾ ಅದರ ಸಮಿತಿಯ ಮುಂದಿಡಬೇಕು ಎಂಬುದು ಆರ್‌ಬಿಐ ನಿಯಮ. ನಾಲ್ಕು ಸಭೆಗಳ ನಡಾವಳಿಯಲ್ಲೂ ‘ಟಿಪ್ಪಣಿಯನ್ನು ಗಮನಿಸಲಾಯಿತು’ ಎಂಬ ಒಂದೇ ವಾಕ್ಯವಿದ್ದರೆ, ಅದನ್ನೂ ವರದಿಯಲ್ಲಿ ಬರೆಯಿರಿ, ನಾಲ್ಕು ದಿನಾಂಕಗಳ ಸಮೇತ. ಬರೆಯಲು ಧೈರ್ಯ ಬೇಕು, ಏಕೆಂದರೆ ಓದುವವರು ಅವರೇ. ನಾನು ಬರೆದ ಸಲ ಅಧ್ಯಕ್ಷರು ಸಿಟ್ಟಾಗಲಿಲ್ಲ. ದಿನಾಂಕವಿಲ್ಲದ ಆ 26 ಒಪ್ಪಿಗೆಗಳ ಪಟ್ಟಿಯನ್ನು ಮುಂದಿನ ಸಭೆಗೆ ತರಲು ಹೇಳಿದರು. ಸಭೆಯ ದಿನಕ್ಕೆ 26ರಲ್ಲಿ 17 ಸರ್ವರ್‌ಗಳಿಗೆ ಪ್ಯಾಚ್ ಆಗಿತ್ತು. ಉಳಿದ ಒಂಬತ್ತಕ್ಕೆ ವ್ಯವಹಾರ ವಿಭಾಗದವರು ದಿನಾಂಕ ಬರೆದು ಸಹಿ ಹಾಕಿದ್ದರು.